ಸ್ಪಷ್ಟನೆ: ಜಗಳದ ಹಂತದಲ್ಲಿ ನಾಯಕ ದೂರ ನಿಲ್ಲಬೇಕೇ?

ಹರಿದಾಡುತ್ತಿರುವ ಮಾತು: “ಮನಶ್ಶಾಸ್ತ್ರಜ್ಞ ಟಕ್‌ಮನ್ 1965ರಲ್ಲೇ ತಂಡದ ಬೆಳವಣಿಗೆಗೆ ಐದು ಹಂತ ಹೇಳಿದ್ದಾರೆ. ಎರಡನೆಯದರಲ್ಲಿ ಜಗಳ ಸಹಜ, ನಾಯಕ ಸುಮ್ಮನಿದ್ದರೆ ತಾನಾಗಿ ಮುಗಿಯುತ್ತದೆ.”

ಮೊದಲು ಇಸವಿಯ ವಿಷಯ. ಬ್ರೂಸ್ ಟಕ್‌ಮನ್ 1965ರಲ್ಲಿ ಹೇಳಿದ್ದು ನಾಲ್ಕೇ ಹಂತ: ಕೂಡುವುದು, ಕಿತ್ತಾಡುವುದು, ಹೊಂದಿಕೊಳ್ಳುವುದು, ದುಡಿಯುವುದು. ಐದನೆಯದಾದ ವಿಸರ್ಜನೆ 1977ರಲ್ಲಿ ಮೇರಿ ಆ್ಯನ್ ಜೆನ್ಸನ್ ಜೊತೆಗೂಡಿ ಸೇರಿಸಿದ್ದು.

ಜಗಳ ಸಹಜ ಎಂಬುದು ನಿಜ. ಸುಮ್ಮನಿರಬೇಕು ಎಂಬುದು ಮಾತ್ರ ಯಾರೋ ಅಂಟಿಸಿದ ಬಾಲ. ಆರು ಜನರ ಒಂದು ತಂಡವನ್ನು ಊಹಿಸಿಕೊಳ್ಳಿ. ಮೂರನೆಯ ವಾರ ವಿನ್ಯಾಸಕಿ ಒಪ್ಪಿದ್ದನ್ನು ಪರೀಕ್ಷಕ ತಿರಸ್ಕರಿಸುತ್ತಾನೆ. ಸಭೆಯಲ್ಲಿ ಇಬ್ಬರೂ ಸ್ವಭಾವದ ಮಾತೆತ್ತುತ್ತಾರೆ. ಅಸಲು ತಕರಾರು ಕೊನೆಯ ಒಪ್ಪಿಗೆ ಯಾರದು ಎಂಬುದು; ಅದನ್ನು ಯಾರೂ ಗೊತ್ತುಮಾಡಿಲ್ಲ. “ನೀವೇ ಬಗೆಹರಿಸಿಕೊಳ್ಳಿ” ಎಂದರೆ ಗಟ್ಟಿ ದನಿಯವರು ಗೆಲ್ಲುತ್ತಾರೆ, ಉಳಿದವರು ಬಾಯಿ ಮುಚ್ಚುತ್ತಾರೆ. ಆ ಮೌನವನ್ನು ಹೊಂದಾಣಿಕೆ ಎಂದು ಓದುವುದೇ ದೊಡ್ಡ ಎಡವಟ್ಟು. ಗುರುತು ಸುಲಭ: ಸಭೆಯಲ್ಲಿ ತಲೆಯಾಡಿಸಿದ ತೀರ್ಮಾನ ಮರುದಿನ ಜಾರಿಯಾಗಿರುವುದಿಲ್ಲ.

ನಾಯಕ ಇಲ್ಲಿ ಇಬ್ಬರನ್ನೂ ಕೂರಿಸಿ, ಕಾರಣ ಕೇಳಿ, ಒಪ್ಪಿಗೆಯ ಅಧಿಕಾರ ಯಾರದೆಂದು ಬರೆದಿಡಬೇಕು. ಮೊದಲ ಹಂತದಂತೆ ಬರೀ ಆದೇಶ ಸಾಲದು, ವಿವರಣೆಯೂ ಬೇಕು. ನಿಯಮವನ್ನು ಸದಸ್ಯರೇ ಪಾಲಿಸತೊಡಗಿದಾಗ ಹಿಂದೆ ಸರಿಯಬಹುದು. ಕೆಲಸವನ್ನು ಪೂರ್ತಿ ಅವರಿಗೊಪ್ಪಿಸುವುದು ನಾಲ್ಕನೆಯ ಹಂತದ ಮಾತು. ವಿಸರ್ಜನೆಯ ವೇಳೆ ಮತ್ತೆ ಹತ್ತಿರ ಬಂದು ಬಾಕಿ ಕೆಲಸ ಹಸ್ತಾಂತರಿಸಬೇಕು.

ಇನ್ನೊಂದು: ಇವು ಏಣಿಯ ಮೆಟ್ಟಿಲುಗಳಲ್ಲ. ನಾಲ್ಕನೆಯ ತಿಂಗಳು ಇಬ್ಬರು ಹೊಸಬರು ಬಂದರೆ ಅದೇ ತಂಡ ಮತ್ತೆ ಕಿತ್ತಾಡಬಹುದು. ಆಗ ಹಳೆಯ ನಿಯಮದ ಹಾಳೆಯನ್ನು ಅವರ ಮುಂದಿಟ್ಟು ಮತ್ತೊಮ್ಮೆ ಚರ್ಚಿಸಬೇಕಾಗುತ್ತದೆ.