ಬೇಕಾಗಿದ್ದಾರೆ: ಅರೆಕಾಲಿಕ ಅಷ್ಟಾವಧಾನಿ

ಕಾಸರಗೋಡಿನ ಬದಿಯಡ್ಕ ಪೇಟೆಯ ಜೆರಾಕ್ಸ್ ಅಂಗಡಿಯ ಗಾಜಿಗೆ ಒಂದು ಜಾಹೀರಾತು ಅಂಟಿಸಿದ್ದಾರೆ. ಹಾಳೆತಟ್ಟೆ ಮಾಡುವ ಸಣ್ಣ ಕಂಪೆನಿಯೊಂದಕ್ಕೆ ವೆಬ್‌ಸೈಟ್ ನೋಡಿಕೊಳ್ಳಲು ಜನ ಬೇಕಂತೆ. ವಾರಕ್ಕೆ 6 ಗಂಟೆ, ತಿಂಗಳಿಗೆ 3000 ರೂಪಾಯಿ. ವರ್ಡ್‌ಪ್ರೆಸ್, ಜಾವಾ, ಫೋಟೋಶಾಪ್, ವಿಡಿಯೋ ಎಡಿಟಿಂಗ್ ಬರಬೇಕು. ಕನ್ನಡ, ಮಲಯಾಳ, ಇಂಗ್ಲಿಷಿನಲ್ಲಿ ಬರೆಯಬೇಕು, ತುಳುವಿನಲ್ಲಿ ಫೋನ್ ಎತ್ತಬೇಕು. ಸಪ್ತಭಾಷೆಯ ಊರಿನಲ್ಲಿ ನಾಲ್ಕಕ್ಕೇ ನಿಲ್ಲಿಸಿದ್ದು ಧಣಿಗಳ ದೊಡ್ಡ ಮನಸ್ಸು. ಒಂದೇ ವಾರದಲ್ಲಿ ಗೂಗಲ್‌ನ ಮೊದಲ ಪುಟಕ್ಕೆ ತರಬೇಕು. ಕೊನೆಯಲ್ಲಿ ಸಣ್ಣಕ್ಷರ: ‘ಪ್ರಿಂಟರ್ ರಿಪೇರಿ ಗೊತ್ತಿದ್ದವರಿಗೆ ಆದ್ಯತೆ’.

ಇದೇ ಕೆಲಸದಲ್ಲಿ ಕೂದಲು ಉದುರಿಸಿಕೊಂಡವ ನಾನು. ಕುತೂಹಲಕ್ಕೆ ಫೋನ್ ಮಾಡಿದೆ.

“ಈಗ ಸೈಟ್ ಹೇಗುಂಟು ಧಣಿಗಳೇ?”

“ಕಾಣುವುದೇ ಇಲ್ಲ ಮಾರಾಯ್ರೆ. ಎರಡು ತಿಂಗಳಾಯಿತು.”

ಜಾವಾ ಬೇಕಾದದ್ದು ಇದಕ್ಕೆ! ಸೈಟಿನ ಹೆಸರನ್ನು, ಅಂದರೆ ಡೊಮೈನನ್ನು, ಅದರ ನೋಂದಣಿ ವಿವರ ತೋರಿಸುವ ಹೂಈಸ್‌ನಲ್ಲಿ ಹುಡುಕಿದೆ. ಅಲ್ಲಿದ್ದ ಸಾಲು ಇದು:

```
Domain Status: redemptionPeriod
```

ಅಂದರೆ ಡೊಮೈನಿನ ವಾಯಿದೆ ಮುಗಿದು, ಅದು ಹೆಚ್ಚುಕಮ್ಮಿ ಅಡವಿಟ್ಟ ಚಿನ್ನದ ಹಾಗೆ ಕೂತಿದೆ. ಡಾಟ್ ಕಾಮ್ ಹೆಸರಿಗೆ ವರ್ಷದ ದುಡ್ಡು ಕಟ್ಟದಿದ್ದರೆ, ಮಾರಿದವರು ಹೆಚ್ಚೆಂದರೆ 45 ದಿನ ಇಟ್ಟುಕೊಳ್ಳುತ್ತಾರೆ. ಆ ಮೇಲಿನ 30 ದಿನದಲ್ಲಿ ಬಿಡಿಸಿಕೊಳ್ಳಬಹುದು, ಆದರೆ ವರ್ಷದ ಶುಲ್ಕದ ಹಲವು ಪಟ್ಟು ದಂಡ ತೆರಬೇಕು. ಅದೂ ದಾಟಿದರೆ 5 ದಿನ ಯಾರಿಗೂ ಕೊಡದೆ ಇಟ್ಟು, ಆಮೇಲೆ ಸಂತೆಗೆ ಬಿಡುತ್ತಾರೆ. ಮೊದಲು ಬಂದವನಿಗೆ ಹೆಸರು.

“ಹೆಸರು ಯಾರ ಇಮೇಲಿನಲ್ಲಿ ಉಂಟು?”

“ಮೊದಲು ಮಾಡಿಕೊಟ್ಟ ಹುಡುಗನದ್ದರಲ್ಲಿ. ಅವ ದುಬಾಯಿಗೆ ಹೋದ.”

ವಾಯಿದೆ ಮುಗಿಯುತ್ತದೆಂಬ ಎಚ್ಚರಿಕೆಗಳೆಲ್ಲ ಆ ಇಮೇಲಿಗೇ ಹೋಗಿವೆ. ಇಲ್ಲಿ ಧಣಿಗಳು ಹಾಳೆತಟ್ಟೆಯ ಫೋಟೋ ಇನ್ನಷ್ಟು ಹೊಳೆಯಬೇಕೆಂದು ಫೋಟೋಶಾಪಿನವನನ್ನು ಹುಡುಕುತ್ತಿದ್ದಾರೆ. ಈಗ ಬಿಡಿಸಬೇಕಾದರೂ ಆ ಹುಡುಗನೇ ಲಾಗಿನ್ ಆಗಬೇಕು, ಅಥವಾ ಪಾಸ್‌ವರ್ಡ್ ಕೊಡಬೇಕು.

“ಇನ್ನು ಎರಡು ವಾರ ಕೈಯಲ್ಲಿ ಉಂಟೆಂದು ಇಟ್ಟುಕೊಳ್ಳಿ. ಅವನನ್ನು ಹಿಡಿಯಿರಿ. ಹೆಸರು ಬಂದ ಕೂಡಲೇ ಕಂಪೆನಿಯದ್ದೇ ಇಮೇಲಿಗೆ ಬದಲಿಸಿಕೊಳ್ಳಿ.”

“ಅದು ಆಗಲಿ. ನೀವು ಸೇರಿದರೆ ನಮ್ಮ ಪರಿಚಯ ಪುಟ ಹಾಕಬೇಕು, ಟೈಪ್ ಮಾಡಿಸಿ ಇಟ್ಟಿದ್ದೇನೆ.” ವಾಟ್ಸಾಪಿನಲ್ಲಿ ಕಳಿಸಿದರು. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಹಾಗೇ ಅಂಟಿಸಿದ್ದು. ನನ್ನ ಮೊಬೈಲಿನಲ್ಲಿ ಕಾಸರಗೋಡು ಹೀಗೆ ಕಂಡಿತು: PÁ¸ÀgÀUÉÆÃqÀÄ. ಯೂನಿಕೋಡಿಗೆ ಬದಲಿಸದೆ ಸೈಟಿಗೆ ಏರಿಸಿದರೆ ಊರಿಗೆ ಎಂಟನೇ ಭಾಷೆ ಸೇರುತ್ತಿತ್ತು. ಬದಲಿಸಿ ವಾಪಸ್ ಕಳಿಸಿದೆ, ಸಂಬಳ ಇಲ್ಲದೆ.

ಮರುದಿನ ಜೆರಾಕ್ಸ್ ಅಂಗಡಿಯ ಮುಂದೆ ಹಾದುಹೋದೆ. ಜಾವಾ ಹಾಗೇ ಉಂಟು, ಗೂಗಲ್ ಹಾಗೇ ಉಂಟು. ಪ್ರಿಂಟರಿನ ಸಾಲಿಗೆ ಪೆನ್ನಿನಲ್ಲಿ ಗೀಟು ಎಳೆದು ಕೆಳಗೆ ಬರೆದಿದ್ದರು: ‘ದುಬಾಯಿಯಲ್ಲಿ ಪರಿಚಯ ಇದ್ದವರಿಗೆ ಆದ್ಯತೆ’.