ಪರೀಕ್ಷೆ ಬೆನ್ನಿಗೆ, ಬಿರುದು ಮುಖಕ್ಕೆ

ಮದುವೆ ಕರೆಯೋಲೆಯಲ್ಲಿ ಬೀಗರ ಹೆಸರಿನ ಮುಂದೆ ಇರುವುದಕ್ಕಿಂತ ಜಾಸ್ತಿ ಬಿರುದು ಈಗ ಮುಖಕ್ಕೆ ಹಚ್ಚುವ ಕ್ರೀಮಿಗಿದೆ. ಡರ್ಮಟಾಲಜಿಸ್ಟ್ ಟೆಸ್ಟೆಡ್, ನ್ಯಾಚುರಲ್, ನಾನ್-ಕಾಮಿಡೋಜೆನಿಕ್. ಕೊನೆಯದನ್ನು ಉಚ್ಚರಿಸಲು ಬಾರದಿದ್ದರೂ ಪರವಾಗಿಲ್ಲ, ಮೊಡವೆ ಬರಲ್ಲ ಅಂತ ಅಂದುಕೊಂಡು ದುಡ್ಡು ಕೊಟ್ಟರೆ ಸಾಕು.

ಡಾಕ್ಟರ ಟೆಸ್ಟ್ ಅಂದರೆ ಸಾಮಾನ್ಯವಾಗಿ ಪ್ಯಾಚ್ ಟೆಸ್ಟ್. ಒಂದಷ್ಟು ಜನರ ಬೆನ್ನಿಗೆ ಚೂರು ಕ್ರೀಮ್ ಹಚ್ಚಿ, ಪಟ್ಟಿ ಅಂಟಿಸಿ, ಆಮೇಲೆ ತೆಗೆದು ಕೆಂಪಾಗಿದೆಯಾ, ಊದಿದೆಯಾ ಅಂತ ನೋಡುತ್ತಾರೆ. ಉರಿ, ಅಲರ್ಜಿ ಪತ್ತೆ ಮಾಡಲು ಒಳ್ಳೆಯ ಪರೀಕ್ಷೆಯೇ. ಆದರೆ ಚರ್ಮದ ರಂಧ್ರ ಕಟ್ಟಿಕೊಂಡು ಮೊಡವೆ ಏಳಲು ವಾರಗಟ್ಟಲೆ ಬೇಕು. ಬೆನ್ನು ಕೆಂಪಾಗಲಿಲ್ಲ ಅಂದಮಾತ್ರಕ್ಕೆ ಗಲ್ಲದ ಮೇಲೆ ಏನೂ ಏಳಲ್ಲ ಅಂತೇನಿಲ್ಲ. ಎಷ್ಟು ಜನರ ಮೇಲೆ ನೋಡಿದರು, ಅದರಲ್ಲಿ ಎಷ್ಟು ಜನ ತುರಿಸಿಕೊಂಡರು ಅನ್ನುವುದು ಡಬ್ಬಿಯ ಮೇಲಿರುವುದಿಲ್ಲ. ಟೆಸ್ಟ್ ಮಾಡಿದ್ದಾರೆ, ಅಷ್ಟೇ.

ಮೊಡವೆ ವಿಷಯಕ್ಕೆ ಬಂದರೆ ಅಲ್ಲಿ ಮೊಲ ಕೂತಿದೆ. 1970ರ ದಶಕದಲ್ಲಿ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಜೊತೆಗಾರರು ಸೌಂದರ್ಯವರ್ಧಕಗಳನ್ನು ಮೊಲದ ಕಿವಿಯ ಒಳಭಾಗಕ್ಕೆ ಹಚ್ಚಿ, ರಂಧ್ರ ಕಟ್ಟುತ್ತದಾ ಅಂತ ನೋಡಿದರು. ಮುಂದೆ ಇಂಥ ಪರೀಕ್ಷೆಗಳಿಂದಲೇ ಸೊನ್ನೆಯಿಂದ 5ರವರೆಗೆ ಅಂಕ ಕೊಡುವ ಪಟ್ಟಿಗಳು ಬಂದವು. ಇಲ್ಲಿ ಅಂಕ ಜಾಸ್ತಿಯಾದಷ್ಟೂ ರಂಧ್ರ ಕಟ್ಟುವುದು ಜಾಸ್ತಿ. ತೆಂಗಿನೆಣ್ಣೆಗೆ 4. ಮೊಲದ ಕಿವಿ ನಮ್ಮ ಮುಖಕ್ಕಿಂತ ಬಲು ಬೇಗ ಕಟ್ಟಿಕೊಳ್ಳುತ್ತದೆ ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ಮನುಷ್ಯರ ಮೇಲೆ ವಾರಗಟ್ಟಲೆ ಹಚ್ಚಿ ನೋಡುವ ಪರೀಕ್ಷೆ ಬಂತು. ಎಲ್ಲಿಗೆ ಹಚ್ಚಿದರು? ಮತ್ತೆ ಬೆನ್ನಿಗೇ!

ಭಾರತದಲ್ಲಿ 2014ರಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು ನಿಷೇಧವಾಯಿತು. ಮೊಲ ನಿವೃತ್ತಿಯಾಯಿತು, ಅದರ ಅಂಕಪಟ್ಟಿ ಮಾತ್ರ ಇನ್ನೂ ಇಂಟರ್ನೆಟ್ಟಿನಲ್ಲಿ ಡ್ಯೂಟಿ ಮಾಡುತ್ತಿದೆ. ಅದೂ ಒಂದೊಂದೇ ಪದಾರ್ಥದ ಅಂಕ, ಎಲ್ಲ ಬೆರೆಸಿದ ಕ್ರೀಮಿನದ್ದಲ್ಲ. ಅಮೆರಿಕದಲ್ಲಿ ಔಷಧ, ಸೌಂದರ್ಯವರ್ಧಕಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಕೂಡ ನಾನ್-ಕಾಮಿಡೋಜೆನಿಕ್ ಅನ್ನುವ ಬಿರುದಿಗೆ ಇಂಥದ್ದೇ ಪರೀಕ್ಷೆ ಪಾಸಾಗಿರಬೇಕು ಅಂತ ಹೇಳಿಲ್ಲ.

ನ್ಯಾಚುರಲ್ ಅನ್ನುವುದನ್ನು ತೂಗಬೇಕೆಂದರೆ ಡಬ್ಬಿ ತಿರುಗಿಸಿ. ಪದಾರ್ಥಗಳನ್ನು ಜಾಸ್ತಿ ಇರುವುದರಿಂದ ಕಡಿಮೆ ಇರುವುದರ ಕಡೆಗೆ ಬರೆದಿರುತ್ತಾರೆ. ಶೇ. 1ಕ್ಕಿಂತ ಕಡಿಮೆ ಇರುವವು ಮಾತ್ರ ಕೊನೆಯಲ್ಲಿ ಹೇಗೆ ಬೇಕಾದರೂ ಬರಬಹುದು. ಫೀನಾಕ್ಸಿಎಥನಾಲ್ ಅನ್ನುವ ಸಂರಕ್ಷಕವನ್ನು ಹುಡುಕಿ. ಅದಕ್ಕಿರುವ ಮಿತಿಯೇ ಶೇ. 1. ಅದರ ಹಿಂದೆ ಅರಿಶಿನ ನಿಂತಿದ್ದರೆ ಲೆಕ್ಕ ಸುಲಭ: 50 ಗ್ರಾಂ ಟ್ಯೂಬಿನಲ್ಲಿ ಅರಿಶಿನ ಹೆಚ್ಚೆಂದರೆ ಅರ್ಧ ಗ್ರಾಂ. ಮುಂಭಾಗದ ಚಿತ್ರದಲ್ಲಿರುವ ಅರಿಶಿನ ಕೊಂಬನ್ನು ಅಳೆಯಲು ಹೋಗಬೇಡಿ, ಬೇಜಾರಾಗುತ್ತದೆ. ಅಷ್ಟಕ್ಕೂ ಮಾವಿನಕಾಯಿ ಸೊನೆಯೂ ನೂರಕ್ಕೆ ನೂರು ನ್ಯಾಚುರಲ್ಲೇ ಅಲ್ವಾ? ತುಟಿಗೆ ತಾಗಿಸಿಕೊಂಡವರನ್ನು ಕೇಳಿ.

ಅನುಮಾನ ಇದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ. ಟೆಸ್ಟ್ ಮಾಡಿದ್ದು ಪೂರ್ತಿ ಕ್ರೀಮನ್ನಾ, ಬರೀ ಪದಾರ್ಥಗಳನ್ನಾ? ಎಷ್ಟು ಜನರ ಮೇಲೆ, ಎಷ್ಟು ವಾರ? ಸ್ವಲ್ಪ ಹೊತ್ತು ಹಾಡು ಕೇಳಿಸುತ್ತದೆ. ಆಮೇಲೆ ಒಂದು ಮಧುರ ಧ್ವನಿ: "ಮೇಡಂ, ಇಪ್ಪತ್ತು ಪರ್ಸೆಂಟ್ ಕೂಪನ್ ಕಳಿಸಲಾ?"