ಇಲ್ಲದ ಬೆಲ್ಲದ ಬಾಕ್ಸಿಗೆ ಕಳ್ಳ ಅನ್ನಿಸಿಕೊಂಡವರು

ಮೂರು ತಿಂಗಳಿಂದ ಹೊಟ್ಟೆಯೊಳಗೇ ಇಟ್ಕೊಂಡಿದ್ದೆ. ಇವತ್ತು ಬರೆದೇ ತೀರ್ತೀನಿ.

ನಾನು ಮಂಡ್ಯದಲ್ಲಿ ಒಂದು ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯೋಳು. ಆಲೆಮನೆಗಳಿಂದ ನಮಗೆ ಬೆಲ್ಲ ಬರೋದು ಕ್ವಿಂಟಲ್ ಲೆಕ್ಕದಲ್ಲಿ. ಗೋಡೌನಲ್ಲಿ ಅದನ್ನ 30 ಕೆ.ಜಿ. ಬಾಕ್ಸಿಗೆ ತುಂಬಿ ಸಾಲಾಗಿ ಜೋಡಿಸ್ತಾರೆ. ಮಾರೋವಾಗ ಹೋಟೆಲಿನವರು, ದೊಡ್ಡ ಅಂಗಡಿಯವರು ಬಾಕ್ಸ್ ಬಾಕ್ಸೇ ಎತ್ಕೊಂಡು ಹೋಗ್ತಾರೆ, ಉಳಿದವರು ಕೆ.ಜಿ. ಲೆಕ್ಕದಲ್ಲಿ ಬಿಡಿಯಾಗಿ ಒಯ್ತಾರೆ. ಕೊಳ್ಳೋದಕ್ಕೆ ಒಂದು ಅಳತೆ, ಇಡೋದಕ್ಕೆ ಇನ್ನೊಂದು, ಮಾರೋದಕ್ಕೆ ಮತ್ತೊಂದು. ಇದರಲ್ಲಿ ಹೊಸದೇನೂ ಇಲ್ಲ. ನಮ್ಮ ತಾತನ ಕಾಲದಲ್ಲಿ ರಾಗಿ, ಭತ್ತ ಖಂಡುಗದಲ್ಲಿ ಬರ್ತಿತ್ತು, ಕೊಳಗದಲ್ಲಿ ಅಳೆದು ಕೊಡ್ತಿದ್ರು. ಖಂಡುಗಕ್ಕೆ 20 ಕೊಳಗ, ಅಷ್ಟೇ. ಖಂಡುಗ ಮುಗಿದ ಮೇಲೆ ಪುಸ್ತಕದಲ್ಲಿ ಅರ್ಧ ಹಿಡಿ ಉಳಿದಿದೆ ಅಂತ ಯಾರೂ ಜಗಳ ಆಡಿದ್ದಿಲ್ಲ.

ಕಳೆದ ವರ್ಷ ಸಾವ್ಕಾರ್ರು ಸ್ಟಾಕು, ಬಿಲ್ಲು, ಲೆಕ್ಕ ಎಲ್ಲಾನೂ ಒಂದೇ ಕಡೆ ನೋಡ್ಕೊಳ್ಳೋ ಇಆರ್‌ಪಿ ಸಾಫ್ಟ್‌ವೇರ್ ಹಾಕಿಸಿದ್ರು. ಹಾಕೋಕೆ ಬಂದ ಹುಡುಗ ಒಂದೇ ಪ್ರಶ್ನೆ ಕೇಳಿದ: "ಗೋಡೌನಲ್ಲಿ ಹೆಂಗೆ ಎಣಿಸ್ತೀರಾ ಸರ್?" ಬಾಕ್ಸಲ್ಲಿ ಅಂದ್ರು ಇವ್ರು. ಆತ ಸ್ಟಾಕ್ ಯಾವ ಅಳತೆಯಲ್ಲಿ ಇಡ್ಬೇಕು ಅಂತ ಹೇಳೋ `Stock UOM` ಅನ್ನೋ ಜಾಗದಲ್ಲಿ ಬಾಕ್ಸ್ ಅಂತ ಹಾಕಿ, ಒಂದು ಕ್ವಿಂಟಲ್‌ಗೆ 3.333 ಬಾಕ್ಸ್, ಒಂದು ಕೆ.ಜಿ.ಗೆ 0.033 ಬಾಕ್ಸ್ ಅಂತ `Conversion Factor` ತುಂಬಿ ಹೋದ. ಪರೀಕ್ಷೆಗೆ ಅಂತ ಹತ್ತು ಬಾಕ್ಸ್ ಒಳಗೆ ತಂದು ಹತ್ತು ಬಾಕ್ಸ್ ಮಾರಿ ತೋರಿಸಿದ. ಸೊನ್ನೆ ಬಂತು. ಎಲ್ಲರೂ ತಲೆ ಆಡಿಸಿದ್ವಿ. ಬಿಡಿಯಾಗಿ ಒಂದು ಕೆ.ಜಿ. ಮಾರಿ ತೋರಿಸಪ್ಪ ಅಂತ ನಾವ್ಯಾರೂ ಕೇಳಲಿಲ್ಲ.

ಆಮೇಲೆ ಒಂದು ಲೋಡ್ ಬಂತು, 45 ಕ್ವಿಂಟಲ್. ಅಂದ್ರೆ 4,500 ಕೆ.ಜಿ., ಸರಿಯಾಗಿ 150 ಬಾಕ್ಸ್. ಅದರಲ್ಲಿ 50 ಬಾಕ್ಸ್ ಇಡಿಯಾಗಿ ಹೋಯ್ತು, ಮಿಕ್ಕ 3,000 ಕೆ.ಜಿ. ಬಿಡಿ ಮಾರಾಟ. ಕೊನೇ ಚೂರೂ ಹೋಗಿ, ಗೋಡೌನಿನ ಆ ಮೂಲೆ ಗುಡಿಸಿ ಚೊಕ್ಕಟ ಆಗಿತ್ತು. ಸ್ಕ್ರೀನಲ್ಲಿ ಮಾತ್ರ 0.985 ಬಾಕ್ಸ್ ಬೆಲ್ಲ ಇನ್ನೂ ಕೂತಿತ್ತು. ಹತ್ತಿರಹತ್ತಿರ ಒಂದು ಪೂರ್ತಿ ಬಾಕ್ಸ್.

"ಒಂದು ಬಾಕ್ಸ್ ಎಲ್ಲಿ ಹೋಯ್ತು?" ಸಾವ್ಕಾರ್ರ ಮೊದಲ ಮಾತೇ ಇದು. ಕೇಳಿದ್ದು ನನ್ನನ್ನಲ್ಲ. ಗೋಡೌನ್ ನೋಡ್ಕೊಳ್ಳೋ ಅಣ್ಣನ್ನ. ಇಪ್ಪತ್ತು ವರ್ಷದಿಂದ ಅದೇ ತಕ್ಕಡಿ ಮುಂದೆ ನಿಂತಿರೋ ಮನುಷ್ಯ. ನೆಲಕ್ಕೆ ಬಿದ್ದ ಬೆಲ್ಲದ ಪುಡೀನೂ ಬಳಿದು ಚೀಲಕ್ಕೆ ಹಾಕಿ ತೂಕ ಬರೆಸೋರು. "ನಾನು ಒಂದು ಅಚ್ಚು ಬೆಲ್ಲಾನೂ ಮುಟ್ಟಿಲ್ಲ ಬುದ್ದಿ" ಅಂದ್ರು. ಎರಡನೇ ಲೋಡಲ್ಲೂ ಹಂಗೇ ಆಯ್ತು. ಮೂರನೇ ಸಲ ಅವರ ಸಂಬಳದಲ್ಲಿ ಒಂದು ಬಾಕ್ಸಿನ ದುಡ್ಡು ಹಿಡಿದ್ರು. ಅವತ್ತು ಅವರು ಮಧ್ಯಾಹ್ನ ಊಟ ಮಾಡಲಿಲ್ಲ. ಬುತ್ತಿ ಹಂಗೇ ವಾಪಸ್ ತಗೊಂಡು ಹೋದ್ರು.

ಬೆಲ್ಲ ಒಣಗಿ ತೂಕ ಇಳಿಯುತ್ತೆ, ಅದು ನಮಗೆಲ್ಲ ಗೊತ್ತಿರೋದೇ. ಮಳೆಗಾಲದಲ್ಲಿ ನೀರು ಬಿಡುತ್ತೆ, ಅದೂ ಗೊತ್ತು. ಆದ್ರೆ ಒಣಗಿದ್ದರಿಂದ ಆದ ಕೊರತೆ ಆಗಿದ್ರೆ, ಒಂದೊಂದು ಲೋಡಿಗೆ ಒಂದೊಂದು ಥರ ಇರಬೇಕಲ್ಲ? ನಾನು ರಾತ್ರಿ ಕೂತು ಮೂರೂ ಲೋಡಿನ ಬಿಲ್ ಹರಡಿಕೊಂಡೆ. ಬಿಡಿ ಮಾರಾಟ ಎಷ್ಟು ಜಾಸ್ತಿಯೋ ಕೊರತೆಯೂ ಅಷ್ಟು ಜಾಸ್ತಿ. ಬಾಕ್ಸಲ್ಲೇ ಹೋದದ್ದಕ್ಕೆ ಕೊರತೆ ಇಲ್ಲವೇ ಇಲ್ಲ. ಪ್ರತೀ ಸಲ ಬಿಡಿ ಮಾರಿದ ತೂಕದ ಸುಮಾರು ನೂರಕ್ಕೆ ಒಂದು ಪಾಲು. ಕಳ್ಳ ಯಾವತ್ತಾದ್ರೂ ಇಷ್ಟು ಶಿಸ್ತಾಗಿ ನೂರಕ್ಕೆ ಒಂದರಂತೆ ಕದೀತಾನಾ?

ಮೊದಲ ಲೋಡಿನ ಲೆಕ್ಕ ನೋಡಿ:

```
45 × 3.333         = 149.985
50 + 3000 × 0.033  = 149.000
149.985 − 149.000  =   0.985
```

ಕೊಂಡಾಗ 150 ಬದಲು 149.985 ಅಂತ ಬರ್ಕೊಂಡಿದೆ. ಅದು ಬರೀ 450 ಗ್ರಾಂ ತಪ್ಪು, ಹೋಗಲಿ. ಅನಾಹುತ ಇರೋದು ಮಾರೋ ಕಡೆ. ಒಂದು ಕೆ.ಜಿ. ಅಂದ್ರೆ ಬಾಕ್ಸಿನ ಮೂವತ್ತನೇ ಒಂದು ಪಾಲು, 0.03333 ಅಂತ ಮುಗಿಯದೇ ಹೋಗೋ ಸಂಖ್ಯೆ. ಅದನ್ನ 0.033 ಅಂತ ಕತ್ತರಿಸಿದ್ರು. ಅಂದ್ರೆ ನಾವು ಗಿರಾಕಿಗೆ ಒಂದು ಕೆ.ಜಿ. ಕೊಟ್ಟಾಗಲೆಲ್ಲ ಇದು ಸ್ಟಾಕಿನಿಂದ 990 ಗ್ರಾಂ ಮಾತ್ರ ಕಳೀತು. ಹತ್ತು ಗ್ರಾಂ ಸ್ಕ್ರೀನಲ್ಲೇ ಉಳೀತು. ಮೂರು ಸಾವಿರ ಸಲ ಹತ್ತು ಗ್ರಾಂ ಅಂದ್ರೆ 30 ಕೆ.ಜಿ.! ಆ ಲೋಡ್ ಕ್ವಿಂಟಲ್‌ಗೆ 4,500 ರೂಪಾಯಿಯದ್ದು, ಹಂಗಾಗಿ ಸುಮಾರು 1,330 ರೂಪಾಯಿ ಬೆಲೆಯ, ಎಲ್ಲೂ ಇಲ್ಲದ ಬೆಲ್ಲ ನಮ್ಮ ಆಸ್ತಿ ಪಟ್ಟಿಯಲ್ಲಿ ಕೂತಿತ್ತು. ಅಷ್ಟೇ ಮೊತ್ತ ಮಾರಿದ ಸರಕಿನ ಖರ್ಚಲ್ಲಿ ಕಡಿಮೆ ಬಿದ್ದು, ಆಗದೇ ಇರೋ ಲಾಭ ಆದ ಹಂಗೆ ತೋರಿಸ್ತಿತ್ತು.

ಇಆರ್‌ಪಿಯವರಿಗೆ ಫೋನ್ ಮಾಡಿದೆ. "ಅದು ರೌಂಡಿಂಗ್ ಅಷ್ಟೇ ಮೇಡಂ, ತಿಂಗಳ ಕೊನೇಲಿ ಸ್ಟಾಕ್ ಅಡ್ಜಸ್ಟ್‌ಮೆಂಟ್ ಹಾಕ್ಬಿಡಿ." ಅಷ್ಟೇ ಅಂತೆ! ತಿಂಗಳ ಕೊನೇಲಿ ಒಂದು ಎಂಟ್ರಿ ಹಾಕಿ ಸೊನ್ನೆ ಮಾಡಿಬಿಟ್ರೆ, ನಾಳೆ ಯಾರಾದ್ರೂ ನಿಜವಾಗಿಯೇ ಬಾಕ್ಸ್ ಎತ್ಕೊಂಡು ಹೋದ್ರೂ ಅದೂ ಅದೇ ಎಂಟ್ರಿಯೊಳಗೆ ಮುಚ್ಚಿಹೋಗುತ್ತೆ. ಹಂಗೆ ಮಾಡಲ್ಲ ಅಂದೆ. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿ, ದಶಮಾಂಶ ಜಾಸ್ತಿ ಮಾಡಿದೀವಿ, 0.033 ಬದಲು 0.033333, 3.333 ಬದಲು 3.333333 ಹಾಕಿದೀವಿ, ಇನ್ನು ತೊಂದರೆ ಇಲ್ಲ ಅಂದ್ರು.

ತೊಂದರೆ ಬಂದಿದ್ದು ಸಂಕ್ರಾಂತಿ ಮುಂದೆ. ಎಳ್ಳು-ಬೆಲ್ಲದ ವ್ಯಾಪಾರ, ಹಳ್ಳಿ ಅಂಗಡಿಯವರೆಲ್ಲ 20 ಕೆ.ಜಿ. ಚೀಲದಲ್ಲಿ ಒಯ್ಯೋ ಸಮಯ. ಮತ್ತೆ 45 ಕ್ವಿಂಟಲ್ ಬಂದಿತ್ತು, 50 ಬಾಕ್ಸ್ ಇಡಿಯಾಗಿ ಹೋಗಿತ್ತು, ಉಳಿದ 3,000 ಕೆ.ಜಿ. ಅಂದ್ರೆ 150 ಚೀಲ. 149 ಚೀಲದ ಬಿಲ್ ಆಯ್ತು. ಕೊನೇ ಚೀಲ ತಕ್ಕಡಿ ಪಕ್ಕ ಕೂತಿದೆ, ಕಟ್ಟಿ ಆಗಿದೆ, ಗಿರಾಕಿ ದುಡ್ಡು ಎಣಿಸ್ತಿದಾರೆ. ಸ್ಟಾಕ್ ಸಾಲದು ಅಂತ ಬಿಲ್ ನಿಂತುಹೋಯ್ತು. ಕಣ್ಣೆದುರು 20 ಕೆ.ಜಿ. ಇದೆ, ಸ್ಕ್ರೀನಲ್ಲಿರೋದು 0.617 ಬಾಕ್ಸ್, ಅಂದ್ರೆ ಹದಿನೆಂಟೂವರೆ ಕೆ.ಜಿ.!

ಯಾಕೆ ಅಂದ್ರೆ ಅವರು ಸರಿ ಮಾಡಿದ್ದು ಗುಣಿಸೋ ಸಂಖ್ಯೆಯನ್ನ ಮಾತ್ರ. ಗುಣಿಸಿ ಬಂದ ಉತ್ತರಾನ ಪ್ರತೀ ಬಿಲ್ಲಿನ ಸಾಲಿನಲ್ಲೂ ಅದು ಮೂರು ದಶಮಾಂಶಕ್ಕೆ ರೌಂಡ್ ಮಾಡೋದು ಹಂಗೇ ಇತ್ತು. 20 ಕೆ.ಜಿ. ಅಂದ್ರೆ 0.66666 ಬಾಕ್ಸ್, ಅದು 0.667 ಆಗಿ ಸ್ಟಾಕಿನಿಂದ ಹತ್ತು ಗ್ರಾಂ ಹೆಚ್ಚು ಕಳೆಯುತ್ತೆ. ಒಂದು ಕೆ.ಜಿ. ಬಿಲ್ಲಿಗೆ ಹತ್ತು ಗ್ರಾಂ ಕಡಿಮೆ ಕಳೆಯುತ್ತೆ, 20 ಕೆ.ಜಿ. ಬಿಲ್ಲಿಗೆ ಹೆಚ್ಚು. ಯಾವ ವಾರ ಯಾವ ಗಿರಾಕಿ ಬಂದ್ರು ಅನ್ನೋದರ ಮೇಲೆ ಬೆಲ್ಲ ಕಾಣೆಯಾಗುತ್ತೆ, ಇಲ್ಲಾ ಪ್ರತ್ಯಕ್ಷ ಆಗುತ್ತೆ. ದಶಮಾಂಶ ಎಷ್ಟು ಎಳೆದ್ರೂ ಮೂರರಿಂದ ಭಾಗಿಸಿದ್ದು ಮುಗಿಯೋದಿಲ್ಲ ಅಂತ ನಾವು ಪ್ರೈಮರಿ ಸ್ಕೂಲಲ್ಲಿ ಕಲಿತಿದೀವಿ. ಸಾಫ್ಟ್‌ವೇರ್ ಹಾಕೋರಿಗೆ ಇದು ಹೊಳೀಬಾರದಾ?

ಮದ್ದು ಏನು ಅಂತ ನಾನೇ ಬರೆದು ಕಳಿಸಿದೆ. ಸ್ಟಾಕ್ ಇಡೋದು ಕೆ.ಜಿ.ಯಲ್ಲಿ. ಆಗ ಕ್ವಿಂಟಲ್‌ಗೆ 100, ಬಾಕ್ಸಿಗೆ 30, ಅರ್ಧ ಕೆ.ಜಿ. ಪ್ಯಾಕೆಟ್ಟಿಗೆ 0.5. ಎಲ್ಲವೂ ಗುಣಾಕಾರ, ಎಲ್ಲೂ ಬಾಲ ಉಳಿಯಲ್ಲ. ಬಾಕ್ಸ್ ಎಷ್ಟಿದೆ ಅಂತ ನೋಡಬೇಕಾದ್ರೆ ವರದಿಯಲ್ಲಿ 30ರಿಂದ ಭಾಗಿಸಿ ತೋರಿಸಲಿ, ಅಲ್ಲಿ ಎಷ್ಟು ಬೇಕಾದ್ರೂ ಕತ್ತರಿಸಲಿ, ಲೆಕ್ಕದ ಪುಸ್ತಕಕ್ಕೆ ಕೈ ಹಾಕದಿದ್ರೆ ಸಾಕು. ಇಷ್ಟು ಸುಲಭದ್ದನ್ನ ಮಾಡೋಕೂ ಆಗಲಿಲ್ಲ. ಆ ಐಟಂನಲ್ಲಿ ಒಂದು ಸಲ ವ್ಯವಹಾರ ಆದ ಮೇಲೆ ಸ್ಟಾಕ್ ಅಳತೆ ಬದಲಾಯಿಸೋ ಹಾಗಿಲ್ಲ ಅಂತ ಆ ಸಾಫ್ಟ್‌ವೇರೇ ಬೀಗ ಹಾಕಿದೆ. ಬೀಗ ಇರೋದು ನ್ಯಾಯವೇ, ಹಳೇ ಎಂಟ್ರಿಗಳೆಲ್ಲ ಬಾಕ್ಸಲ್ಲಿ ಬರೆದಿದಾವಲ್ಲ. ಹಂಗಾದ್ರೆ ಮೊದಲ ದಿನ ಆ ಪ್ರಶ್ನೆ ಎಷ್ಟು ಎಚ್ಚರದಿಂದ ಕೇಳಬೇಕಿತ್ತು!

ಕೊನೆಗೆ ಒಂದು ಭಾನುವಾರ ಮಂಡಿ ಮುಚ್ಚಿ ಎಲ್ಲವನ್ನೂ ಮತ್ತೆ ತೂಗಿದ್ವಿ. ಅಚ್ಚು, ಬಕೆಟ್, ಕುರಿಕಾಟು, ಹಿಂಗೆ ಬೆಲ್ಲದ ಒಂದೊಂದು ಬಗೆಗೂ ಕೆ.ಜಿ. ಅಳತೆಯ ಹೊಸ ಐಟಂ ಮಾಡಿದೆ. ಹಳೇದರಿಂದ ಹೊರಗೆ, ಹೊಸದರೊಳಕ್ಕೆ, ಅದೇ ಬೆಲೆಗೆ. ಪುಸ್ತಕದಲ್ಲಿ ಮಾತ್ರ ಇದ್ದ ಬೆಲ್ಲಾನ ಕೊರತೆ ಖಾತೆಗೆ ಹಾಕಲಿಲ್ಲ, "ಅಳತೆ ಪರಿವರ್ತನೆ ವ್ಯತ್ಯಾಸ" ಅಂತ ಬೇರೆ ಖಾತೆ ತೆರೆದು ಅಲ್ಲಿಗೆ ಬರೆದೆ. ನಾಳೆ ಆಡಿಟರ್ ಬಂದು ನೋಡಿದಾಗ ಅದು ಯಾರದೋ ಕೈಚಳಕ ಅನ್ನಿಸಬಾರದು. ಹೊಸ ಐಟಂ ಮೇಲೆ ಮೊದಲು ಮಾಡಿದ ಕೆಲಸ, ಒಂದು ಬಾಕ್ಸ್ ಒಳಗೆ ತಂದು ಒಂದೊಂದೇ ಕೆ.ಜಿ.ಯ 30 ಬಿಲ್ ಹಾಕಿದ್ದು. ಸೊನ್ನೆ ಬಂತು. ಹಳೇ ಐಟಂನಲ್ಲಿ ಇದೇ ಮಾಡಿದ್ರೆ 0.010 ಉಳೀತಿತ್ತು. ಅರ್ಧ ಗಂಟೆಯ ಕೆಲಸ. ಆ ಹುಡುಗ ಬಂದ ದಿನವೇ ಮಾಡಿದ್ರೆ ಇಷ್ಟೆಲ್ಲ ಇರ್ತಿರಲಿಲ್ಲ.

ಇದರಿಂದ ಎಲ್ಲ ಸರಿಹೋಯ್ತು ಅಂತಲ್ಲ. ಬಾಕ್ಸ್ ತುಂಬೋವಾಗಲೇ 29.6 ಕೆ.ಜಿ. ಹಿಡಿದಿದ್ರೆ, ಅದಕ್ಕೆ 30 ಅಂತ ಗುಣಿಸೋದು ಇನ್ನೊಂದು ಸುಳ್ಳು. ಅದನ್ನ ತಕ್ಕಡಿ ಮೇಲೇ ಹಿಡೀಬೇಕು, ಯಾವ `Conversion Factor` ಕೂಡ ಹಿಡಿಯಲ್ಲ. ಹೊಸ ಐಟಂನಲ್ಲಿ ಮುಗಿದ ಮೊದಲ ಲೋಡಲ್ಲಿ ಎರಡು ಕೆ.ಜಿ. ಚಿಲ್ಲರೆ ಕೊರತೆ ಬಂತು. ಒಣಗಿದ್ದು, ಪುಡಿಯಾಗಿದ್ದು. ಆ ಎರಡು ಕೆ.ಜಿ.ಯ ಬಗ್ಗೆ ಯಾರು ಬೇಕಾದ್ರೂ ಕೇಳಲಿ, ನಮ್ಮ ಹತ್ರ ಉತ್ತರ ಇದೆ.

ಸಂಬಳದಲ್ಲಿ ಹಿಡಿದ ದುಡ್ಡನ್ನ ಸಾವ್ಕಾರ್ರು ವಾಪಸ್ ಕೊಟ್ರು. ಕೇಳಿದ ಪ್ರಶ್ನೆಯನ್ನ ವಾಪಸ್ ತಗೊಳ್ಳಲಿಲ್ಲ, ತಪ್ಪಾಯ್ತು ಅಂತ ಒಂದು ಮಾತು ಬರಲಿಲ್ಲ. ಇಆರ್‌ಪಿಯವರಂತೂ ಅಣ್ಣನ ಮುಖಾನೂ ನೋಡಿಲ್ಲ. ಅಣ್ಣ ಈಗ ಒಬ್ಬರೇ ನಿಂತು ತೂಗೋದನ್ನೇ ಬಿಟ್ಟಿದಾರೆ. ಪ್ರತೀ ಚೀಲಕ್ಕೂ ನನ್ನನ್ನ ಕೂಗ್ತಾರೆ. ನಾನು ಕಂಪ್ಯೂಟರ್ ಬಿಟ್ಟು ಎದ್ದು ಹೋಗಿ ತಕ್ಕಡಿ ಮುಂದೆ ನಿಲ್ಲೋವರೆಗೂ ಚೀಲ ಇಳಿಸಲ್ಲ. "ನಿನ್ ಕಣ್ಣಾರೆ ನೋಡ್ಕೊಂಡು ಬರ್ಕೊಳ್ಳವ್ವ" ಅಂತಾರೆ.